ಗದ್ದದ ಮೇಲಿನ ಹನ್ನೊಂದು ಕೂದಲು

ಬ್ಲಾಗ್ ಕಡೆ ತಲೆ ಹಾಕಿ ಐದು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಮನೆ ಬದಲಾಯಿಸಿದ್ದು... ನೆಪಗಳಿಗೇನು ಬರ. ನಿಜ ಹೇಳ್ಬೇಕಂದ್ರೆ ಇದೇ ಪೋಸ್ಟನ್ನ ಮೂರು ಸಲ ಟೈಪ್ ಮಾಡಿ ಮೂರು ಸಲವೂ ಅಳಿಸಿದ್ದೆ. ಮಳೆ ಬಗ್ಗೆ, ಮಲೆನಾಡಿನ ಬಗ್ಗೆ, ಟ್ರಾಫಿಕ್ ಬಗ್ಗೆ ಎಷ್ಟು ಬೇಕಾದ್ರೂ ಬರೀಬಹುದು. ನನ್ನ ಗದ್ದದ ಮೇಲೆ ಕೂದಲು ಬರುತ್ತೆ ಅಂತ ಬರೆಯೋಕೆ ಮಾತ್ರ ಕೈ ತಡೆಯುತ್ತೆ. ಹುಡುಗರು ಬೇಕಾದ್ರೆ ಇಲ್ಲಿಗೇ ಎದ್ದು ಹೋಗಬಹುದು. ಕೂತು ಓದಿದ್ರೂ ನಷ್ಟವೇನಿಲ್ಲ, ನಿಮ್ಮನೇಲೂ ಯಾರಿಗೋ ಇದು ಬೇಕಾಗಿರುತ್ತೆ :)

ಶುರುವಾಗಿದ್ದು ಪಿಯುಸಿ ಟೈಮಲ್ಲಿ, 2014ರಲ್ಲಿ. ಮೊದಲು ಮೇಲ್ತುಟಿ, ಆಮೇಲೆ ಗದ್ದದ ಕೆಳಗೆ ಎರಡೋ ಮೂರೋ ದಪ್ಪ ಕೂದಲು. ಅಜ್ಜಿ ಕಸ್ತೂರಿ ಅರಿಶಿನ, ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ಉಜ್ಜಿಕೋ ಅಂದ್ರು. ಒಂದು ವರ್ಷ ಉಜ್ಜಿದೆ. ಮುಖ ಹಳದಿ ಆಯ್ತು, ಕೂದಲು ಹಾಗೇ ಇತ್ತು. ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೇಲೆ ರೂಮ್‌ಮೇಟ್ ಏಳೋ ಮುಂಚೆ ಎದ್ದು ಕಿಟಕಿ ಬೆಳಕಲ್ಲಿ ಪ್ಲಕ್ಕರ್ ಹಿಡಿದು ಕೂರೋದು ದಿನಚರಿ ಆಯ್ತು. ಕೆಲಸಕ್ಕೆ ಸೇರಿದ ಮೇಲೆ ಮೀಟಿಂಗಲ್ಲಿ ಯಾರಾದ್ರೂ ಪಕ್ಕ ಕೂತ್ರೆ ಕೈ ತಾನಾಗೇ ಗದ್ದದ ಮೇಲೆ ಹೋಗೋದು. ನನ್ನ ಮ್ಯಾನೇಜರ್ ಒಂದು ಸಲ ‘ಯು ಥಿಂಕ್ ಎ ಲಾಟ್’ ಅಂತ ಹೊಗಳಿದ್ರು. ಪಾಪ, ಅವರಿಗೇನು ಗೊತ್ತು ನಾನು ಯೋಚನೆ ಮಾಡ್ತಿದ್ದಿದ್ದು ಏನು ಅಂತ.

ಅಲ್ಲಿಂದ ಇಲ್ಲೀವರೆಗೆ ಥ್ರೆಡ್ಡಿಂಗು, ವ್ಯಾಕ್ಸಿಂಗು, ಲೇಸರು ಮೂರನ್ನೂ ಮುಖದ ಮೇಲೆ ಪ್ರಯೋಗ ಮಾಡಿ ಆಗಿದೆ. ಮೂರರಲ್ಲಿ ಯಾವುದು ಒಳ್ಳೇದು ಅಂತ ಗೆಳತಿಯರು ಕೇಳ್ತಾನೇ ಇರ್ತಾರೆ. ನಾನೂ ಎಂಟು ವರ್ಷ ಇದನ್ನೇ ಕೇಳ್ತಿದ್ದೆ. ಮೊದಲು ಕೇಳಬೇಕಾಗಿದ್ದಿದ್ದು ಯಾವ ಕೂದಲು, ಮುಖದ ಯಾವ ಜಾಗದ್ದು ಅಂತ. ಇಷ್ಟು ಗೊತ್ತಾಗೋಕೆ ನಾನು ಕೊಟ್ಟ ಬೆಲೆ ಸ್ವಲ್ಪ ಜಾಸ್ತಿನೇ.

ಥ್ರೆಡ್ಡಿಂಗ್ ನಿಮಗೆ ಗೊತ್ತಿರೋದೇ. ಪಾರ್ಲರ್ ಆಂಟಿ ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು, ಮಧ್ಯೆ ಹುರಿ ಮಾಡಿ, ಆ ಹುರಿಯನ್ನ ಚರ್ಮದ ಮೇಲೆ ಜಾರಿಸ್ತಾರೆ. ಸುತ್ತಿನಲ್ಲಿ ಸಿಕ್ಕಿದ ಕೂದಲು ಬುಡ ಸಮೇತ ಬರುತ್ತೆ. ಮೇಲ್ತುಟಿಗೆ ಮಾಡುವಾಗ ನಾಲಿಗೆಯನ್ನ ಒಳಗಿಂದ ಒತ್ತಿ ಹಿಡೀಬೇಕು, ಚರ್ಮ ಸಡಿಲ ಇದ್ರೆ ಕೂದಲು ಕಿತ್ತು ಬರೋ ಬದಲು ಮಧ್ಯಕ್ಕೆ ತುಂಡಾಗುತ್ತೆ. ಕಣ್ಣಲ್ಲಿ ನೀರು ಬರುತ್ತೆ, ಸೀನು ಬರುತ್ತೆ, ಐದು ನಿಮಿಷಕ್ಕೆ ಮುಗಿದುಹೋಗುತ್ತೆ. ಹುಬ್ಬಿಗೆ, ಮೇಲ್ತುಟಿಗೆ, ಹಣೆ ಅಂಚಿನ ನವಿರು ಕೂದಲಿಗೆ ಇದಕ್ಕಿಂತ ಸುಲಭದ್ದು ನಾನು ಕಂಡಿಲ್ಲ. ನನಗೆ ಮೇಲ್ತುಟಿ ಮೂರು ವಾರ ನಿಲ್ಲುತ್ತೆ, ಈಗಲೂ ಅದಕ್ಕೆ ಥ್ರೆಡ್ಡಿಂಗೇ.

ಗದ್ದದ ಕತೆ ಬೇರೆ. ಪಾರ್ಲರಿಂದ ಬಂದು ಐದನೇ ದಿನಕ್ಕೆ ಮೊಂಡು ತುದಿಗಳು ಕೈಗೆ ಸಿಗ್ತಿದ್ವು. ಆಂಟಿ ಸರಿಯಾಗಿ ಮಾಡಿಲ್ಲ ಅಂತ ಪಾರ್ಲರ್ ಬದಲಾಯಿಸಿದೆ, ಎರಡು ಸಲ. ಆಂಟಿಯ ತಪ್ಪೇನೂ ಇರಲಿಲ್ಲ. ಮುಖದ ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯೋದಿಲ್ಲ. ಕೆಲವು ಬೆಳೀತಿರುತ್ತೆ, ಕೆಲವು ಉದುರೋ ಹಂತದಲ್ಲಿರುತ್ತೆ, ಇನ್ನು ಕೆಲವು ಬುಡದಲ್ಲೇ ಮಲಗಿರುತ್ತೆ. ದಾರಕ್ಕೆ ಸಿಗೋದು ಅವತ್ತು ಚರ್ಮದಿಂದ ಹೊರಗೆ ಬಂದಿರೋದು ಮಾತ್ರ. ಐದನೇ ದಿನ ಕೈಗೆ ಸಿಕ್ಕಿದ್ದು ಕಿತ್ತ ಕೂದಲಲ್ಲ, ಅದರ ಪಕ್ಕದ ಮನೆಯವನು! ಈ ವಿಷಯ ನೆನಪಿಟ್ಟುಕೊಳ್ಳಿ, ಲೇಸರಿಗೆ ಬಂದಾಗ ಮತ್ತೆ ಬೇಕಾಗುತ್ತೆ.

ಕೂದಲಿಗಿಂತ ದೊಡ್ಡ ತಲೆನೋವು ಕಲೆ. ದಪ್ಪ ಕೂದಲನ್ನ ಪದೇ ಪದೇ ಕಿತ್ತಾಗ ಕೆಲವು ತುಂಡಾಗಿ, ತುದಿ ಚರ್ಮದ ಒಳಗೇ ಬಾಗಿ ಬೆಳೆಯುತ್ತೆ. ಅಲ್ಲೊಂದು ಗುಳ್ಳೆ. ಅದನ್ನ ಪ್ಲಕ್ಕರಲ್ಲಿ ಕೆದಕಿದ್ರೆ ಒಂದು ಕಪ್ಪು ಚುಕ್ಕೆ. ನಮ್ಮಂಥ ಕಂದು ಚರ್ಮದಲ್ಲಿ ಆ ಚುಕ್ಕೆ ಮಾಸೋಕೆ ತಿಂಗಳುಗಟ್ಟಲೆ ಬೇಕು. 2021ರ ಹೊತ್ತಿಗೆ ನನ್ನ ಗದ್ದದ ಕೆಳಗೆ ಎಳ್ಳು ಚೆಲ್ಲಿದ ಹಾಗಿತ್ತು. ಮುಚ್ಚಿಡಬೇಕಾಗಿದ್ದಿದ್ದು ಕೂದಲಿಗಿಂತ ಜಾಸ್ತಿ ಅದನ್ನೇ.

ಇನ್ನು ವ್ಯಾಕ್ಸಿಂಗು. ಇದನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ನಾನು ಇದನ್ನ ಮುಖಕ್ಕೆ ಮಾಡಿಸಿದ್ದು ಒಂದೇ ಸಲ. 2019ರಲ್ಲಿ ದೊಡ್ಡಮ್ಮನ ಮಗಳ ಮದುವೆ. ಎರಡು ದಿನ ಮುಂಚೆ ಪಾರ್ಲರಿಗೆ ಹೋದೆ. ಅಲ್ಲಿಯ ಹುಡುಗಿ ‘ಅಕ್ಕಾ, ವ್ಯಾಕ್ಸ್ ಮಾಡಿಸ್ಕೊಳ್ಳಿ, ಮುಖ ಎಷ್ಟು ಗ್ಲೋ ಬರುತ್ತೆ ನೋಡಿ’ ಅಂದ್ಲು. ಅವಳು ಹೇಳಿದ್ದು ಸುಳ್ಳೇನಲ್ಲ. ವ್ಯಾಕ್ಸ್ ಕೂದಲಿನ ಜೊತೆ ಚರ್ಮದ ಮೇಲಿನ ಸತ್ತ ಪದರವನ್ನೂ ಎಳ್ಕೊಂಡು ಬರೋದ್ರಿಂದ ಎರಡು ದಿನ ಮುಖ ನುಣುಪಾಗಿ ಕಾಣುತ್ತೆ. ಆದ್ರೆ ನಾನು ಆಗ ಮೊಡವೆಗೆ ಅಂತ ರಾತ್ರಿ ಅಡಾಪಲೀನ್ ಜೆಲ್ ಹಚ್ತಿದ್ದೆ. ಅವಳು ಕೇಳಲಿಲ್ಲ, ನಂಗೂ ಹೇಳ್ಬೇಕು ಅಂತ ಗೊತ್ತಿರಲಿಲ್ಲ. ಆ ಜಾತಿಯ ಕ್ರೀಮುಗಳು ಚರ್ಮದ ಮೇಲ್ಪದರವನ್ನ ನಾಜೂಕು ಮಾಡಿರುತ್ತೆ. ಪಟ್ಟಿ ಎಳೆದಾಗ ಮೇಲ್ತುಟಿಯ ಎಡಗಡೆ ಕೂದಲಿನ ಜೊತೆ ಚರ್ಮವೇ ಬಂತು. ಕಡಲೆಕಾಳಷ್ಟು ಎರಡು ಜಾಗ, ಒದ್ದೆ ಒದ್ದೆ, ಉರಿ. ಮದುವೆ ಫೋಟೋಗಳಲ್ಲೆಲ್ಲಾ ನಾನು ಬಲಗಡೆ ಮುಖ ಮಾತ್ರ ತೋರಿಸಿ ನಿಂತಿದೀನಿ. ಕಲೆ ಹೋಗೋಕೆ ನಾಲ್ಕು ತಿಂಗಳು ಬೇಕಾಯ್ತು.

ಅಡಾಪಲೀನ್, ಟ್ರೆಟಿನಾಯಿನ್ ಥರದ್ದು ಹಚ್ಚೋರು ಮುಖಕ್ಕೆ ವ್ಯಾಕ್ಸ್ ತಂಟೆಗೇ ಹೋಗಬೇಡಿ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ರೆ ಅದನ್ನ ನಿಲ್ಲಿಸಿ ಆರು ತಿಂಗಳಾಗೋವರೆಗೂ ಬೇಡ ಅಂತಾರೆ ಡಾಕ್ಟರುಗಳು. ಇದು ಬಿಟ್ರೂ ಗದ್ದಕ್ಕೆ ವ್ಯಾಕ್ಸ್ ಸರಿಹೋಗದೇ ಇರೋಕೆ ಇನ್ನೊಂದು ಕಾರಣ ಇದೆ. ವ್ಯಾಕ್ಸ್ ಹಿಡೀಬೇಕಂದ್ರೆ ಕೂದಲು ಮೂರ್ನಾಲ್ಕು ಮಿಲಿಮೀಟರ್ ಆದ್ರೂ ಉದ್ದ ಇರಬೇಕು. ಅಂದ್ರೆ ಅಷ್ಟು ಬೆಳೆಯೋವರೆಗೂ ಅದನ್ನ ಮುಖದ ಮೇಲೆ ಇಟ್ಕೊಂಡು ಆಫೀಸಿಗೆ ಹೋಗಬೇಕು. ಅದೇ ಆಗೋ ಹಾಗಿದ್ರೆ ನಾನು ತೆಗೆಸೋಕೆ ಯಾಕೆ ಹೋಗ್ತಿದ್ದೆ!

ಲೇಸರಿಗೆ ಬರೋಣ. 2022ರ ಜನವರಿಯಲ್ಲಿ ಬೋನಸ್ ಬಂತು. ಮನೆ ಹತ್ರದ ಒಂದು ಕ್ಲಿನಿಕ್ಕಲ್ಲಿ ‘ಫುಲ್ ಫೇಸ್, ಆರು ಸಿಟ್ಟಿಂಗ್, ನೋವೇ ಇಲ್ಲ’ ಅನ್ನೋ ಪ್ಯಾಕೇಜು. ಇಪ್ಪತ್ನಾಲ್ಕು ಸಾವಿರ ಕೊಟ್ಟೆ. ಹೆಸರು ಹೇಳಲ್ಲ, ಕೇಳಬೇಡಿ. ಡಾಕ್ಟರ್ ಮೊದಲ ದಿನ ಎರಡು ನಿಮಿಷ ಮಾತಾಡಿದ್ದು ಬಿಟ್ರೆ ಮತ್ತೆ ಕಾಣಲಿಲ್ಲ. ಒಬ್ಬಳು ಹುಡುಗಿ ಜೆಲ್ ಹಚ್ಚಿ, ಕಣ್ಣಿಗೆ ಕನ್ನಡಕ ಹಾಕಿ, ಹಣೆಯಿಂದ ಗದ್ದದವರೆಗೂ ಮಷೀನ್ ಓಡಿಸಿದ್ಲು. ನಿಜವಾಗ್ಲೂ ನೋವೇ ಇರಲಿಲ್ಲ. ನಾನು ಖುಷಿಪಟ್ಟೆ.

ಲೇಸರ್ ಕೆಲಸ ಮಾಡೋ ರೀತಿ ಗೊತ್ತಿದ್ರೆ ಖುಷಿಪಡ್ತಿರಲಿಲ್ಲ. ಲೇಸರಿನ ಬೆಳಕನ್ನ ಹೀರಿಕೊಳ್ಳೋದು ಕೂದಲಿನಲ್ಲಿರೋ ಕಪ್ಪು ಬಣ್ಣ. ಬೆಳಕು ಶಾಖವಾಗಿ ಕೂದಲಿನ ಉದ್ದಕ್ಕೂ ಇಳಿದು ಬುಡವನ್ನ ಸುಡಬೇಕು. ಕೂದಲು ದಪ್ಪ, ಕಪ್ಪು ಇದ್ರೆ ಸಾಕಷ್ಟು ಶಾಖ ಹುಟ್ಟುತ್ತೆ. ನವಿರಾಗಿ ತೆಳ್ಳಗಿದ್ರೆ ಹುಟ್ಟಲ್ಲ. ಅದೂ ಬೆಳೀತಿರೋ ಕೂದಲು ಮಾತ್ರ ಬುಡಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಮಲಗಿರೋದಕ್ಕೆ ಏಟು ಬೀಳಲ್ಲ (ಪಕ್ಕದ ಮನೆಯವನು ನೆನಪಿದಾನಲ್ವಾ?). ಅದಕ್ಕೇ ನಾಲ್ಕರಿಂದ ಆರು ವಾರ ಬಿಟ್ಟು ಬಿಟ್ಟು ಮಾಡೋದು. ಇನ್ನೊಂದು ತೊಡಕು, ನಮ್ಮ ಚರ್ಮದಲ್ಲೂ ಅದೇ ಬಣ್ಣ ಇದೆ. ಶಕ್ತಿ ಜಾಸ್ತಿ ಆದ್ರೆ ಚರ್ಮ ಸುಡುತ್ತೆ. ಆ ಹೆದರಿಕೆಗೆ ತೀರಾ ಕಮ್ಮಿ ಇಟ್ರೆ ನೋವೂ ಇಲ್ಲ, ಫಲವೂ ಇಲ್ಲ.

ಫಲ ಇಲ್ಲದಿದ್ರೆ ದುಡ್ಡು ಹೋಯ್ತು ಅಂತ ಸುಮ್ಮನಾಗಬಹುದಿತ್ತು. ನಾಲ್ಕನೇ ಸಿಟ್ಟಿಂಗ್ ಹೊತ್ತಿಗೆ ಗದ್ದದಲ್ಲಿ ಸ್ವಲ್ಪ ಕಮ್ಮಿ ಆಗಿತ್ತು, ಸರಿ. ಆದ್ರೆ ಕಿವಿ ಮುಂದಿಂದ ದವಡೆ ಅಂಚಿನವರೆಗೆ, ಮೊದಲು ಬಿಸಿಲಲ್ಲಿ ಹುಡುಕಿದ್ರೆ ಮಾತ್ರ ಕಾಣ್ತಿದ್ದ ನವಿರು, ಈಗ ಕನ್ನಡಿಯಲ್ಲಿ ಕಪ್ಪಗೆ ಕಾಣೋಕೆ ಶುರುವಾಯ್ತು. ನನ್ನ ಭ್ರಮೆ ಅಂದ್ಕೊಂಡೆ. ಹಳೇ ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಭ್ರಮೆ ಅಲ್ಲ. ಕ್ಲಿನಿಕ್ಕಲ್ಲಿ ‘ಇನ್ನೆರಡು ಸಿಟ್ಟಿಂಗ್ ಆಗ್ಲಿ ಮೇಡಂ, ಸರಿಹೋಗುತ್ತೆ’ ಅಂದ್ರು. ಅವತ್ತು ರಾತ್ರಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಗದ್ದಕ್ಕೆ ಅಂತ ಹೋಗಿ ಕೆನ್ನೆಗೂ ತಂದುಕೊಂಡಿದ್ನಲ್ಲಾ.

ಗೆಳತಿಯೊಬ್ಬಳು ಬಸವನಗುಡಿ ಕಡೆಯ ಚರ್ಮದ ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ಅರವತ್ತರ ಆಸುಪಾಸಿನ ಹೆಂಗಸು, ಮಾತು ಕಮ್ಮಿ. ದವಡೆಯನ್ನ ಲೆನ್ಸ್ ಇಟ್ಟು ನೋಡಿದವರೇ ‘ಇಲ್ಲಿಗೆ ಯಾರಮ್ಮಾ ಲೇಸರ್ ಮಾಡಿದ್ದು?’ ಅಂದ್ರು. ಲೇಸರ್ ತಾಗಿದ ಕಡೆ, ಇಲ್ಲಾ ಅದರ ಅಂಚಿನಲ್ಲಿ ಕೂದಲು ಕಮ್ಮಿ ಆಗೋ ಬದಲು ಜಾಸ್ತಿ ಆಗೋದು ವೈದ್ಯರಿಗೆ ಗೊತ್ತಿರೋ ವಿಷಯವಂತೆ. ಹೆಚ್ಚಾಗಿ ಹೆಂಗಸರ ಮುಖ ಮತ್ತೆ ಕುತ್ತಿಗೆಯಲ್ಲಿ, ಕಂದು ಚರ್ಮದವರಲ್ಲಿ, ಹಾರ್ಮೋನ್ ತೊಂದರೆ ಇರೋರಲ್ಲಿ. ಬುಡವನ್ನ ಸುಡೋಕೆ ಸಾಲದ ಶಾಖ ಮಲಗಿದ್ದನ್ನ ಎಬ್ಬಿಸುತ್ತೆ ಅನ್ನೋದು ಬಲವಾದ ಊಹೆ. ನನ್ನಲ್ಲಿ ಈ ಎಲ್ಲವೂ ಇತ್ತು. ‘ಎರಡಡಿ ದೂರದಿಂದ ಕಾಣದ ಕೂದಲಿಗೆ ನಾನು ಲೇಸರ್ ಹಿಡಿಯಲ್ಲ’ ಅಂದ್ರು. ಆ ಒಂದು ವಾಕ್ಯ ಜನವರಿಯಲ್ಲಿ ಕೇಳಿಸಿಕೊಂಡಿದ್ರೆ ಇಪ್ಪತ್ನಾಲ್ಕು ಸಾವಿರವೂ ಉಳೀತಿತ್ತು, ಕೆನ್ನೆಯೂ.

ಆಮೇಲೆ ಅವರು ಕೂದಲಿನ ಮಾತು ಬಿಟ್ಟು ಮುಟ್ಟಿನ ಬಗ್ಗೆ ಕೇಳಿದ್ರು. ನಲವತ್ತೈದು ದಿನಕ್ಕೋ ಐವತ್ತು ದಿನಕ್ಕೋ ಆಗೋದು ಅಂದೆ. ಮದುವೆ ಆದ್ಮೇಲೆ ಸರಿಹೋಗುತ್ತೆ ಅಂತ ಮನೆಯಲ್ಲಿ ಹೇಳಿದ್ದನ್ನ ನಂಬಿ ಕೂತಿದ್ದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯ್ತು. ಪಿಸಿಓಎಸ್, ಟೆಸ್ಟೋಸ್ಟಿರೋನ್ ಸ್ವಲ್ಪ ಜಾಸ್ತಿ. ಅದು ಹಾಗೇ ಇದ್ರೆ ಲೇಸರ್ ಒಂದು ಬುಡವನ್ನ ಮುಚ್ಚೋ ಹೊತ್ತಿಗೆ ಹಾರ್ಮೋನು ಪಕ್ಕದ ನವಿರನ್ನ ದಪ್ಪ ಮಾಡ್ತಾ ಹೋಗುತ್ತೆ. ಡೇಟಾಬೇಸ್‌ಗೆ ಹೊಸ ಸಾಲುಗಳು ಬರ್ತಾನೇ ಇರೋವಾಗ ಹಳೇದನ್ನ ಡಿಲೀಟ್ ಮಾಡ್ತಾ ಕೂತ ಹಾಗೆ. ಅದಕ್ಕೆ ಮಾತ್ರೆ ಶುರು ಮಾಡಿದ್ರು. ಕೂದಲಿನಲ್ಲಿ ವ್ಯತ್ಯಾಸ ಕಾಣೋಕೆ ಆರು ತಿಂಗಳು ಬೇಕು, ಈ ಮಾತ್ರೆ ತಗೊಳ್ಳುವಾಗ ಗರ್ಭಿಣಿ ಆಗಬಾರದು ಅಂತ ಎರಡು ಸಲ ಹೇಳಿದ್ರು. ಇನ್ನೊಂದು ಮಾತನ್ನೂ ಹೇಳಿದ್ರು. ಮುಖದ ಕೂದಲು ವರ್ಷಗಳಿಂದ ನಿಧಾನವಾಗಿ ಬಂದಿದ್ರೆ ಸಾಮಾನ್ಯವಾಗಿ ಗಾಬರಿ ಬೇಡ. ಕೆಲವೇ ತಿಂಗಳಲ್ಲಿ ದಿಢೀರಂತ ಹೆಚ್ಚಾಗಿ, ಜೊತೆಗೆ ಧ್ವನಿಯೂ ಗಡಸಾಗ್ತಿದ್ರೆ ಪಾರ್ಲರಿಗೂ ಅಲ್ಲ, ಲೇಸರಿಗೂ ಅಲ್ಲ, ತಕ್ಷಣ ಡಾಕ್ಟರ್ ಹತ್ರ.

2022ರ ನವೆಂಬರಲ್ಲಿ ಗದ್ದಕ್ಕೆ ಸರಿಯಾದ ಲೇಸರ್ ಶುರುವಾಯ್ತು. ಎನ್‌ಡಿ-ಯಾಗ್ ಅನ್ನೋ ಮಷೀನು, 1064 ನ್ಯಾನೋಮೀಟರ್ ತರಂಗಾಂತರ. ಇದನ್ನ ಚರ್ಮದ ಬಣ್ಣ ಕಮ್ಮಿ ಹೀರಿಕೊಳ್ಳೋದ್ರಿಂದ ಕಪ್ಪು, ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಆದ್ರೆ ನೋವು! ಬಿಸಿ ಮಾಡಿದ ರಬ್ಬರ್ ಬ್ಯಾಂಡನ್ನ ಎಳೆದು ಎಳೆದು ಹೊಡೆದ ಹಾಗೆ. ಕೂದಲು ಸುಟ್ಟ ವಾಸನೆ. ಮುಗಿದ ಮೇಲೆ ಒಂದೊಂದು ಕೂದಲಿನ ಬುಡದ ಸುತ್ತ ಕೆಂಪಗೆ ಸಣ್ಣ ಉಬ್ಬು. ಅದು ಕೆಲವು ಗಂಟೆ ಇದ್ದು ಇಳಿದುಹೋಗುತ್ತೆ, ಏಟು ಸರಿಯಾದ ಜಾಗಕ್ಕೆ ಬಿದ್ದಿದೆ ಅನ್ನೋದಕ್ಕೆ ಅದೇ ಗುರುತು. ಮೊದಲ ಕ್ಲಿನಿಕ್ಕಲ್ಲಿ ಒಂದು ದಿನವೂ ಅದು ನಂಗೆ ಬಂದಿರಲಿಲ್ಲ. ಹಾಗಂತ ಗುಳ್ಳೆ ಎದ್ರೆ, ಮಾರನೇ ದಿನವೂ ಉರಿ ಇದ್ರೆ ಅದು ಸುಟ್ಟಗಾಯ, ಫೋನ್ ಮಾಡಿ ಹೇಳಬೇಕು.

ಆಮೇಲಿನ ಎರಡು ವಾರ ಹೊಸಬರು ಹೆದರೋ ಕಾಲ. ಕೂದಲು ಬೆಳೀತಿರೋ ಹಾಗೆ ಕಪ್ಪು ಚುಕ್ಕೆಗಳು ಮೇಲೆ ಬರುತ್ತೆ. ಬೆಳೀತಿರೋದಲ್ಲ ಅದು, ಸುಟ್ಟ ಕೂದಲನ್ನ ಚರ್ಮ ಹೊರಗೆ ತಳ್ತಿರೋದು. ಮುಖ ತೊಳೆಯುವಾಗ ತಾನಾಗೇ ಉದುರುತ್ತೆ, ಕೀಳಬಾರದು. ಎರಡು ಸಿಟ್ಟಿಂಗ್ ನಡುವೆ ಥ್ರೆಡ್ಡಿಂಗ್, ವ್ಯಾಕ್ಸ್, ಪ್ಲಕ್ಕರ್ ಯಾವುದೂ ಮುಟ್ಟೋ ಹಾಗಿಲ್ಲ. ಬುಡದಲ್ಲಿ ಕೂದಲೇ ಇಲ್ಲದಿದ್ರೆ ಲೇಸರ್ ಬೆಳಕು ಏನನ್ನ ಹಿಡೀಬೇಕು? ಹಾಗಾದ್ರೆ ಆರು ವಾರ ಏನು ಮಾಡೋದು ಅಂದಿದ್ದಕ್ಕೆ ಡಾಕ್ಟರ್ ತಣ್ಣಗೆ ‘ಶೇವ್ ಮಾಡು’ ಅಂದ್ರು. ಶೇವ್! ಅಮ್ಮ ಕೇಳಿದ್ರೆ ಮೂರ್ಛೆ ಹೋಗೋದೊಂದೇ ಬಾಕಿ. ಶೇವ್ ಮಾಡಿದ್ರೆ ದಪ್ಪ ಬರುತ್ತೆ ಅಂತ ತಾನೇ ನಾವೆಲ್ಲಾ ಕೇಳಿ ಬೆಳೆದಿದ್ದು. ಮಿಲ್ಡ್ರೆಡ್ ಟ್ರಾಟರ್ ಅನ್ನೋ ಅಮೆರಿಕದ ಅಂಗರಚನಾ ತಜ್ಞೆ 1928ರಲ್ಲೇ ಕೂದಲು ಅಳೆದು ನೋಡಿ, ಹಾಗೇನೂ ಆಗಲ್ಲ ಅಂತ ತೋರಿಸಿದ್ರು. ಕೂದಲಿನ ತುದಿ ಸಹಜವಾಗಿ ಚೂಪಾಗಿರುತ್ತೆ, ಬ್ಲೇಡು ಮಧ್ಯಕ್ಕೆ ಕತ್ತರಿಸಿದಾಗ ಮೊಂಡಾಗಿ ಕೈಗೆ ಒರಟು ಅನ್ನಿಸುತ್ತೆ, ಅಷ್ಟೇ. ಹುಬ್ಬಿಗೆ ಬಳಸೋ ಪುಟ್ಟ ರೇಜರ್ ಸಾಕು. ವಿಚಿತ್ರ ಅಂದ್ರೆ ನನ್ನ ಕಪ್ಪು ಚುಕ್ಕೆಗಳು ಮಾಸೋಕೆ ಶುರುವಾಗಿದ್ದೇ ಆಗ. ಕೀಳೋದು ನಿಂತಿತ್ತಲ್ಲ!

ಬುದ್ಧಿ ಇಂಜಿನಿಯರದ್ದು ನೋಡಿ, ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಭಾನುವಾರ ಶೇವ್, ಮುಂದಿನ ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಕನ್ನಡಿ ಹಿಡಿದು ಗದ್ದದ ದಪ್ಪ ಕೂದಲು ಎಣಿಸೋದು. ಶುರುವಿನಲ್ಲಿ 63. ಮೂರನೇ ಸಿಟ್ಟಿಂಗ್ ಆದ್ಮೇಲೆ 41. ಐದನೆಯದಕ್ಕೆ 22. ಎಂಟನೆಯದು ಮುಗಿದಿದ್ದು 2023ರ ಅಕ್ಟೋಬರಲ್ಲಿ, ಆಗ 9. ಸಿಟ್ಟಿಂಗಿಗೆ ಎರಡೂವರೆ ಸಾವಿರ, ಒಟ್ಟು ಇಪ್ಪತ್ತು ಸಾವಿರ. ಕತೆ ಇಲ್ಲಿಗೆ ಮುಗಿದಿದ್ರೆ ಜಾಹೀರಾತಾಗ್ತಿತ್ತು. ಆರು ತಿಂಗಳು ಬಿಟ್ಟು ಎಣಿಸಿದ್ರೆ 19. ಅಮೆರಿಕದ ಎಫ್‌ಡಿಎ ಕೂಡಾ ಲೇಸರಿಗೆ ಕೊಟ್ಟಿರೋದು ‘ಶಾಶ್ವತ ಇಳಿಕೆ’ ಅನ್ನೋ ಮಾತನ್ನೇ ಹೊರತು ಶಾಶ್ವತ ನಿರ್ಮೂಲನೆ ಅಂತ ಅಲ್ಲ. ಒಂದು ಸಿಟ್ಟಿಂಗ್ ಮತ್ತೆ ಹಾಕಿಸಿದೆ. ಅಲ್ಲಿಂದೀಚೆಗೆ ಐದಾರು ತಿಂಗಳಿಗೊಂದು ಸಲ ಹೋಗಿ ಬರ್ತೀನಿ. ಹೋದ ಭಾನುವಾರದ ಲೆಕ್ಕ 11, ಅದೂ ಮೊದಲಿನ ಅರ್ಧ ದಪ್ಪ.

ಕೆನ್ನೆಯದು ಪೂರ್ತಿ ಸರಿಹೋಗಲಿಲ್ಲ. ದವಡೆ ಅಂಚಿನಲ್ಲಿ ಲೇಸರಿಗೆ ಸಿಗೋಷ್ಟು ದಪ್ಪ ಆಗಿದ್ದನ್ನ ಸುತ್ತ ಐಸ್ ಪ್ಯಾಕ್ ಇಟ್ಟು, ಸಾಕಷ್ಟು ಶಕ್ತಿಯಲ್ಲಿ ಮಾಡಿದ್ರು. ಮುಕ್ಕಾಲು ಪಾಲು ಹೋಯ್ತು. ಉಳಿದಿದ್ದನ್ನ ಹತ್ತು ದಿನಕ್ಕೊಮ್ಮೆ ಶೇವ್ ಮಾಡ್ತೀನಿ, ಎರಡು ನಿಮಿಷದ ಕೆಲಸ. ಮೊದಲು ಇರದೇ ಇದ್ದ ಕೆಲಸ ಅನ್ನೋದು ಮಾತ್ರ ಪ್ರತಿ ಸಲವೂ ನೆನಪಾಗುತ್ತೆ.

ದೀಪಾವಳಿಗೆ ಹಾಸನಕ್ಕೆ ಹೋಗಿದ್ದೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಹೂ ಕಟ್ತಿದ್ರು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ‘ಎಷ್ಟು ಚೆನ್ನಾಗಾಗಿದೆ ಕಣೇ’ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, ದಾರ ನೋಡ್ಕೊಂಡೇ, ‘ನಂಗೂ ಮಾಡ್ತಾರೇನೇ ಅದನ್ನ?’ ಅಂದ್ರು. ಆಗಲೇ ನಾನು ಸರಿಯಾಗಿ ನೋಡಿದ್ದು. ಗದ್ದದ ಕೆಳಗೆ ಏಳೆಂಟು ಕೂದಲು, ಗಟ್ಟಿಯಾಗಿ, ಬೆಳ್ಳಗೆ. ಎಷ್ಟು ವರ್ಷದಿಂದ ಇತ್ತು ಅಂತ ಕೇಳಿದ್ರೆ ‘ನೀನು ಹುಟ್ಟೋಕೆ ಮುಂಚಿಂದ’ ಅಂದ್ರು.

ಬಿಳಿ ಕೂದಲಲ್ಲಿ ಬಣ್ಣ ಇಲ್ಲ, ಬಣ್ಣ ಇಲ್ಲದಿದ್ರೆ ಲೇಸರಿಗೆ ಹಿಡಿಯೋಕೆ ಏನೂ ಇಲ್ಲ. ಒಂದೊಂದು ಬುಡಕ್ಕೂ ಸೂಜಿ ಇಳಿಸಿ ಕರೆಂಟ್ ಕೊಡೋ ಎಲೆಕ್ಟ್ರಾಲಿಸಿಸ್ ಅಂತ ಒಂದಿದೆ, ಅದು ಬಿಳಿ ಕೂದಲಿಗೂ ಆಗುತ್ತೆ ಅಂತ ವಿವರಿಸಿದೆ. ಸೂಜಿ ಅಂದ ಕೂಡಲೇ ‘ಅಯ್ಯೋ, ಅದೆಲ್ಲಾ ಬೇಡ ಬಿಡು’ ಅಂತ ಹೂವಿನ ಬುಟ್ಟಿ ಪಕ್ಕಕ್ಕಿಟ್ರು. ನಾನು ಒಳಗೆ ಹೋಗಿ ಬ್ಯಾಗಿಂದ ಪ್ಲಕ್ಕರ್ ತಂದೆ. ಅಮ್ಮ ಕತ್ತು ಎತ್ತಿ ಕಣ್ಣು ಮುಚ್ಚಿ ಕೂತ್ರು. ಎಂಟಲ್ಲ, ಒಂಬತ್ತಿತ್ತು.